ಎಪ್ಪತ್ತಾರು ಹೊರೆ

ಜತ್ತ ತಾಲೂಕಿನ ಈ ಊರಿನವರು ಮೊದಲು ಜೋಳ, ಸಜ್ಜೆ ಬಿಟ್ಟು ಬೇರೆ ಬೆಳೆ ಕಂಡವರಲ್ಲ. ಮೈಸಾಳದ ಏತ ನೀರಾವರಿಯ ನೀರು ಬಂದ ಮೇಲೆ ಬಸುವಿನ ಅಪ್ಪ ಎರಡು ಎಕರೆ ಕಬ್ಬು ಹಚ್ಚಿದ್ದ. ಬೀಡ ಕಡೆಯಿಂದ ಬಂದ ಗ್ಯಾಂಗಿನವರು ಕಡಿದು ಕಟ್ಟಿ ಬದುವಿನ ಉದ್ದಕ್ಕೂ ಹೊರೆ ಹಾಕಿದ್ದರು. ಕಾರ್ಖಾನೆಗೆ ಸಾಗಿಸೋದು ಸಿದ್ದಪ್ಪ ಕಾಕಾನ ಟೈರ್ ಚಕ್ಕಡಿ.

"ನೂರಾ ಇಪ್ಪತ್ತು ಹೊರಿ ಏರಸ್ರಿ," ಎಂದ ಕಾಕಾ.

ರವಿವಾರ, ಸಾಲಿ ಇರಲಿಲ್ಲ. ಆರನೇತ್ತೆಯ ಬಸು ಬದುವಿನ ಮೇಲೆ ಕೂತಿದ್ದ. "ಕಾಕಾ, ಹೋದ ವಾರ ನೂರಾ ಇಪ್ಪತ್ತು ಹಾಕಿದಾಗ ಹಳ್ಳದ ಏರಿನಾಗ ಎತ್ತು ಮೊಣಕಾಲು ಊರಿದ್ವು ಅಲ್ಲಾ?"

"ಆಮ್ಯಾಗ ದಾಟಿದ್ವಲ್ಲೋ."

ದಾಟಿದ್ದು ಸುಮ್ನೆ ಅಲ್ಲ. ಹಿಂದಿನಿಂದ ನಾಲ್ಕು ಜನ ನೂಕಿದ್ದರು. ಬಸುವಿಗೆ ಅದು ಚೆನ್ನಾಗಿ ನೆನಪಿತ್ತು, ನೂಕಿದವರಲ್ಲಿ ಅವನೂ ಒಬ್ಬ.

ಕಾಕಾನ ಅಂಗಿ ಜೇಬಿನಲ್ಲಿ ಕಾರ್ಖಾನೆಯ ಕಾಟಾ ಚೀಟಿಗಳಿದ್ದವು. ಬಸು ಎರಡನ್ನು ಬಿಡಿಸಿ ನೋಡಿದ. ಒಂದರಲ್ಲಿ 120 ಹೊರೆಗೆ ಕಬ್ಬಿನ ತೂಕ 2,040 ಕಿಲೋ. ಇನ್ನೊಂದರಲ್ಲಿ 96 ಹೊರೆಗೆ 1,632. ಆ ದಿನ ಎತ್ತುಗಳು ನಿಲ್ಲದೆ ಏರು ಹತ್ತಿದ್ದವು. ಎರಡಕ್ಕೂ ಭಾಗಿಸಿ ನೋಡಿದ. ಹೊರೆಗೆ ಸರಿಯಾಗಿ 17 ಕಿಲೋ.

"ಹಂಗಾದ್ರ ತೊಂಬತ್ತಾರು ಹಾಕೋಣ, ಮುಗೀತು," ಎಂದ ಅಪ್ಪ.

ಬಸು ಎದ್ದು ಒಂದು ಹೊರೆ ಎತ್ತಲು ನೋಡಿದ. ಮಿಸುಕಲಿಲ್ಲ. ಹೋದ ವಾರದ್ದು ಪಕ್ಕದವರ ಹೊಲದ ಕೂಳೆ ಕಬ್ಬು, ಸಣ್ಣ ಜಲ್ಲೆ. ಇದು ಹೊಸ ನಾಟಿ, ತೋಳಿನಷ್ಟು ದಪ್ಪ. ಹೊರೆಯ ಲೆಕ್ಕ ಒಂದೇ ಇದ್ದರೂ ಭಾರ ಒಂದೇ ಇರುತ್ತದಾ?

ಮನೆಗೆ ಓಡಿ ಈರುಳ್ಳಿ ತೂಗುವ ತೂಗುಕಾಟಾ ತಂದ. ಬೇವಿನ ಕೊಂಬೆಗೆ ಕಟ್ಟಿದ. ಕೈಗೆ ಸಿಕ್ಕ ಹೊರೆ ತೂಗಲಿಲ್ಲ. ಗ್ಯಾಂಗಿನಲ್ಲಿ ಗಂಡ-ಹೆಂಡತಿ ಒಂದೊಂದು ಜೋಡಿ ಕಟ್ಟುವ ರೀತಿ ಬೇರೆ, ಒಬ್ಬರದು ದಪ್ಪ, ಒಬ್ಬರದು ತೆಳು. ಅದಕ್ಕೆ ಸಾಲಿನ ಐದು ಕಡೆಯಿಂದ ಒಂದೊಂದು ಎಳೆಸಿದ. 19, 22, 20, 23, 18. ಒಟ್ಟು 102. ಹೊರೆಗೆ 20 ಕಿಲೋ, ಮೇಲೆ ಚೂರು.

"ಇಪ್ಪತ್ತು ಅಂತ ಹಿಡಿ," ಎಂದ ಕಾಕಾ. "ಎಂಬತ್ತು ಹೊರಿ."

"ಇಪ್ಪತ್ತೊಂದು ಹಿಡೀತೀನಿ. 1,632 ಬ್ಯಾಡ, 1,600 ಹಿಡೀತೀನಿ. ಎಪ್ಪತ್ತಾರು."

ಕಾಕಾ ಸಾಲಿ ಬಿಟ್ಟವನಾದರೂ ವ್ಯವಹಾರದಲ್ಲಿ ಚುರುಕು. "ಎಂಬತ್ತಕ್ಕೂ ಅದ ತೂಕ ಆಗ್ತದಲ್ಲೋ! ಅವತ್ತ ಎತ್ತು ಆರಾಮ ಹತ್ತಿದ್ವು ಅಂತ ನೀನ ಅಂದಿ."

ಮಾತು ಸರಿಯೇ ಇತ್ತು. ಬಸು ತಲೆ ಕೆರೆದುಕೊಂಡ. "ಐದು ಹೊರಿ ಅಷ್ಟ ತೂಗೀವಿ ಕಾಕಾ. ಚಕ್ಕಡಿಗೆ ಇಪ್ಪತ್ಮೂರರವೇ ಜಾಸ್ತಿ ಬಂದ್ರ? ಎಂಬತ್ತಕ್ಕ 1,840 ಆಗ್ತದ. ಇಬ್ಬನಿ ಬ್ಯಾರೆ ಐತಿ, ತೂಗಿದ್ದೆಲ್ಲಾ ಮ್ಯಾಲಿನ ಒಣಗಿದ ಹೊರಿ. ತಳದಾಗಿನವು ಹಸಿ."

"ಕಾಕಾನ ತೂಕಾನೂ ಕಳಿ," ಎಂದು ಅಪ್ಪ ನಕ್ಕ. "ಅರವತ್ತು ಕಿಲೋ, ಮೂರು ಹೊರಿ."

"ಅವತ್ತೂ ನಾ ಕೂತಿದ್ನಿ! ಕಾಟಾದ ಮ್ಯಾಗ ಅಷ್ಟ ಇಳೀತೀನಿ."

ಅದನ್ನು ಬಸು ಒಪ್ಪಿದ. ಕಾಕಾ ಎರಡೂ ಸಲ ಮೇಲೆಯೇ ಇದ್ದ ಮೇಲೆ ಅವನನ್ನು ಮತ್ತೆ ಕಳೆಯೋದು ತಪ್ಪು ಲೆಕ್ಕ.

ಎಪ್ಪತ್ತಾರು ಏರಿಸಿದರು. ಏರಿಸೋದು ಮಾತ್ರ ಕಾಕಾನ ವಿದ್ಯೆ, ಅಲ್ಲಿ ಬಸು ಬಾಯಿ ಮುಚ್ಚಿಕೊಂಡು ನೋಡಿದ. ಮುಂದೆ ಜಾಸ್ತಿಯಾದರೆ ಭಾರವೆಲ್ಲ ಎತ್ತಿನ ಹೆಗಲಿಗೆ. ಹಿಂದೆ ಜಾಸ್ತಿಯಾದರೆ ನೊಗ ಮೇಲೇಳುತ್ತದೆ, ಕೊರಳಿನ ಹಗ್ಗ ಬಿಗಿಯುತ್ತದೆ. ಏರಿನಲ್ಲಂತೂ ಭಾರ ಹಿಂದಕ್ಕೇ ವಾಲುತ್ತದೆ. ಅದಕ್ಕೆ ಕಾಕಾ ಅಚ್ಚಿನ ಮೇಲೆ ಒಟ್ಟಿ, ಮುಂದೆ ಒಂದು ಕೈಯಷ್ಟು ಹೆಚ್ಚು ಇಟ್ಟ. ನೊಗ ಎತ್ತಿ, ಕೈಬಿಟ್ಟು, ಮತ್ತೆ ಎತ್ತಿ ನೋಡಿದ. ಎರಡು ಹೊರೆ ಹಿಂದಕ್ಕೆ ಸರಿಸಿದ. ಇದಕ್ಕೆ ಯಾವ ಪುಸ್ತಕದಲ್ಲೂ ಲೆಕ್ಕ ಇಲ್ಲ ಅನ್ನಿಸಿತು ಬಸುವಿಗೆ.

ಹಳ್ಳದ ಏರಿನಲ್ಲಿ ಎತ್ತುಗಳು ಒಮ್ಮೆ ನಿಧಾನವಾದವು, ನಿಲ್ಲಲಿಲ್ಲ. ಕಾರ್ಖಾನೆಯಲ್ಲಿ ಚೀಟಿ ಬಂತು. 1,590 ಕಿಲೋ.

ಸಂಜೆ ಕಾಕಾ ಬದುವಿಗೆ ಬಂದು ಉಳಿದ ಹೊರೆ ಎಣಿಸಿದ. ಇನ್ನೂರಾ ಮೂವತ್ತೊಂದು.

"ಮೂರು ಖೇಪು, ಮ್ಯಾಲೆ ಮೂರು ಹೊರಿ," ಎಂದ ಬಸು.

"ಮೂರು ಹೊರಿಗೆ ನಾಲ್ಕನೇ ಖೇಪು ಹೊಡಿಲೇನೋ? ಖೇಪಿಗೆ ಒಂದೊಂದು ಹಾಕಿದ್ರ?"

ಬಸು ನೆಲದ ಮೇಲೆ ಕಡ್ಡಿಯಿಂದ ಬರೆದ. ಎಪ್ಪತ್ತೇಳು ಇಪ್ಪತ್ತೊಂದ್ಲೆ 1,617. ತಾನು ಹಾಕಿದ ಗೆರೆಗಿಂತ ಹದಿನೇಳು ಕಿಲೋ ಜಾಸ್ತಿ. ಸ್ವಲ್ಪ ಹೊತ್ತು ಹಾಗೇ ಕೂತ.

"ಹಾಕು ಕಾಕಾ. ಆದ್ರ ಏರಿನಾಗ ನೀ ಇಳದು ನಡೀಬೇಕು."