ಸುಷ್ಮಾ ಅವರಿಗೆ ಪತ್ರ: ತಿದ್ದಿದ ಕರಡು

ಕಿರಣ್,

ನೀನು ಕಳಿಸಿದ ಕರಡು ಓದಿದೆ. ಮೊದಲು ಹೆಸರು ಸರಿ ಮಾಡು ಮಾರಾಯ. 'ಸುಶ್ಮಾ' ಅಲ್ಲ, 'ಸುಷ್ಮಾ'. ಕರಡು ತಿದ್ದುವ ಕೆಲಸ ಸಿಗಲಿಲ್ಲ ಅಂತ ತಿಳಿಸುವ ಪತ್ರದಲ್ಲೇ ಹೆಸರು ತಪ್ಪಿದರೆ, ಅವರು ಕೆಂಪು ಪೆನ್ನಲ್ಲಿ ತಿದ್ದಿ ವಾಪಸ್ ಕಳಿಸಿಯಾರು!

'ಸದ್ಯಕ್ಕೆ ತಮ್ಮನ್ನು ಪರಿಗಣಿಸಲಾಗುತ್ತಿಲ್ಲ' ಅನ್ನೋ ಸಾಲು ತೆಗೆದಿದ್ದೇನೆ. 'ಸದ್ಯಕ್ಕೆ' ಅಂದರೆ ಪಾಪ, ಮುಂದಿನ ವಾರ ಕರೆಯಬಹುದು ಅಂತ ಕಾಯುತ್ತಾರೆ. ಕೆಲಸ ಇನ್ನೊಬ್ಬರಿಗೆ ಕೊಟ್ಟಾಗಿದೆ, ಅಲ್ವಾ? 'ಮುಂದೆ ಖಂಡಿತ ಕರೆಯುತ್ತೇವೆ' ಅಂತಲೂ ಬರೆದಿದ್ದೀಯ. ಇರುವುದು ಒಂದೇ ಹುದ್ದೆ, ಅದೂ ತುಂಬಿತು. ಸುಮ್ನೆ ಯಾಕೆ ಆಸೆ ಹುಟ್ಟಿಸಬೇಕು? ಬದಲಿಗೆ ನಾವು ನಿಜವಾಗಿ ಕೊಡಬಹುದಾದ ಕೆಲಸವೊಂದನ್ನು ಸೇರಿಸಿದ್ದೇನೆ. ಯಜಮಾನರನ್ನು ಕೇಳಿಯೇ ಸೇರಿಸಿದ್ದು.

ತಿದ್ದಿದ ಪತ್ರ ಇದು:

ವಿಷಯ: ಕರಡು ತಿದ್ದುವವರ ಹುದ್ದೆಯ ಸಂದರ್ಶನ

ಸುಷ್ಮಾ ಅವರಿಗೆ ನಮಸ್ಕಾರ.

ಕಳೆದ ಮಂಗಳವಾರ ಗದಗದಿಂದ ಧಾರವಾಡದ ನಮ್ಮ ಕಚೇರಿಗೆ ಸಂದರ್ಶನಕ್ಕೆ ಬಂದಿದ್ದಿರಿ. ಈ ಹುದ್ದೆಗೆ ಬೇರೊಬ್ಬರನ್ನು ತೆಗೆದುಕೊಂಡಿದ್ದೇವೆ. ನಿಮಗೆ ಬೇಸರವಾಗುವ ಸುದ್ದಿ ಇದು. ಆದರೂ ನಿಮ್ಮನ್ನು ಕಾಯಿಸುವುದು ಬೇಡ ಎಂದು ಇವತ್ತೇ ಬರೆಯುತ್ತಿದ್ದೇವೆ.

ನಮಗೆ ಕರಡು ತಿದ್ದುವುದರ ಜೊತೆಗೆ ಪುಟ ಜೋಡಿಸುವವರೂ ಬೇಕಿತ್ತು. ನಮ್ಮ ಹಳೆಯ ಪುಸ್ತಕಗಳೆಲ್ಲ ನುಡಿ ಅಕ್ಷರದಲ್ಲಿವೆ. ಯೂನಿಕೋಡ್‌ಗೆ ಬದಲಾಯಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡುತ್ತವೆ. ಆಯ್ಕೆಯಾದವರು ಎರಡು ವರ್ಷ ಇದೇ ಕೆಲಸ ಮಾಡಿದ್ದಾರೆ. ಜಾಹೀರಾತಿನಲ್ಲಿ ನಾವು ಇದನ್ನು ಹೇಳಿರಲಿಲ್ಲ. ಅದು ನಮ್ಮ ತಪ್ಪು, ಕ್ಷಮಿಸಿ.

ನಾವು ಕೊಟ್ಟ 4 ಪುಟಗಳಲ್ಲಿ ಅಲ್ಪಪ್ರಾಣ, ಮಹಾಪ್ರಾಣದ ಒಂದು ತಪ್ಪೂ ನಿಮ್ಮ ಕಣ್ಣಿನಿಂದ ತಪ್ಪಿಸಿಕೊಳ್ಳಲಿಲ್ಲ. ಒಂದೇ ಊರಿನ ಹೆಸರು ಎರಡು ಥರ ಇದ್ದದ್ದನ್ನು ಹಿಡಿದದ್ದು ನೀವೊಬ್ಬರೇ. ಅಡಿಟಿಪ್ಪಣಿಯ ಸಂಖ್ಯೆಗಳು ಮಾತ್ರ ಎರಡು ಕಡೆ ತಪ್ಪಾಗಿಯೇ ಉಳಿದಿದ್ದವು.

ಜೂನ್‌ನಲ್ಲಿ 96 ಪುಟದ ಮಕ್ಕಳ ಕಥೆಗಳ ಪುಸ್ತಕವೊಂದರ ಕರಡು ಬರುತ್ತದೆ. ಅದನ್ನು ನೀವು ಮನೆಯಲ್ಲೇ ತಿದ್ದಿಕೊಡಬಹುದೇ? ಪುಟಕ್ಕೆ 20 ರೂಪಾಯಿ ಕೊಡುತ್ತೇವೆ. ಇದು ನೌಕರಿಯಲ್ಲ, ಆ ಒಂದು ಪುಸ್ತಕದ ಮಟ್ಟಿಗೆ ಮಾತ್ರ. ಒಪ್ಪಿಗೆಯಿದ್ದರೆ ಈ ತಿಂಗಳ 25ರೊಳಗೆ ಇದೇ ಮೇಲ್‌ಗೆ ಉತ್ತರಿಸಿ. ಬೇಡವೆನಿಸಿದರೆ ಉತ್ತರ ಬರೆಯಲೇಬೇಕೆಂದೇನಿಲ್ಲ.

ವಂದನೆಗಳೊಂದಿಗೆ,
ವಸುಧಾ
ಸಂಪಾದಕಿ

ಕಿರಣ್, ಕೆಳಗೆ ನನ್ನ ಹೆಸರೇ ಇರಲಿ. 'ಆಡಳಿತ ಮಂಡಳಿ' ಅಂತ ಹಾಕಿದರೆ ಅವರು ಯಾರನ್ನು ಕೇಳಬೇಕು? 'ಉಜ್ವಲ ಭವಿಷ್ಯ'ವನ್ನೂ ತೆಗೆದೆ, ಅದು ಬೀಳ್ಕೊಡುಗೆ ಭಾಷಣಕ್ಕಿರಲಿ. ಸಂಜೆ 5ರೊಳಗೆ ಕಳಿಸಿಬಿಡು. ಅವರು ಫೋನ್ ಮಾಡಿದರೆ ನನಗೆ ಕೊಡು. ಆಯ್ಕೆಯಾದವರ ಹೆಸರು ಮಾತ್ರ ಹೇಳಬೇಡ.