ನಾಲ್ಕು ಲಕ್ಷದ ವ್ಯಾಪಾರದಲ್ಲಿ ಉಳಿದದ್ದೆಷ್ಟು?

ಹಂಪನಕಟ್ಟೆ, ಮಂಗಳೂರು
ಮೇ 9

ಅಕ್ಷತಾ ಅವರಿಗೆ ನಮಸ್ಕಾರ.

ಮೊನ್ನೆ ಫೋನಿನಲ್ಲಿ "ಸರ್, ಏಪ್ರಿಲ್‌ನಲ್ಲಿ ನಾಲ್ಕು ಲಕ್ಷ ದುಡಿದೆವು" ಅಂದಿರಿ. ಕೇಳಿ ನನಗೂ ಖುಷಿಯಾಯಿತು. ಬೈಕಂಪಾಡಿಯ ಒಂದು ಶೆಡ್ಡಿನಿಂದ ಮೊದಲ ವರ್ಷವೇ ತಿಂಗಳಿಗೆ 2,000 ಪ್ಯಾಕೆಟ್ ಗಸಿ ಹುಡಿ ಮಾರುವುದು ಸಣ್ಣ ವಿಷಯ ಅಲ್ಲ. ಆದರೆ ಅದು ವ್ಯಾಪಾರ ಆದದ್ದು. ದುಡಿದದ್ದು ಬೇರೆ.

ನನ್ನ ಅಪ್ಪ ಕಾರ್ಕಳದಲ್ಲಿ ದಿನಸಿ ಅಂಗಡಿ ಇಟ್ಟಿದ್ದರು. ಸಂಜೆ ಗಲ್ಲಾಪೆಟ್ಟಿಗೆ ತುಂಬಿರುತ್ತಿತ್ತು. ಹೋಲ್‌ಸೇಲಿನವರು ಬಂದು ಹೋದ ಮೇಲೆ ಅಡಿಯಲ್ಲಿ ಚಿಲ್ಲರೆ ಮಾತ್ರ. ಆ ಚಿಲ್ಲರೆಯನ್ನೇ ಅಪ್ಪ ಲೆಕ್ಕ ಪುಸ್ತಕದಲ್ಲಿ "ನಮ್ಮದು" ಅಂತ ಬರೆಯುತ್ತಿದ್ದರು.

ನಿಮ್ಮ ಲೆಕ್ಕ ನೋಡಿ. ಬಿಲ್ಲುಗಳ ಮೊತ್ತ 4,20,000. ಅದರಲ್ಲಿ 20,000 ಜಿಎಸ್‌ಟಿ, ಅದು ನಿಮ್ಮ ಹಣವೇ ಅಲ್ಲ. ಉಳಿದದ್ದು ಪ್ಯಾಕೆಟ್‌ಗೆ 200 ರೂಪಾಯಿ. ಮೆಣಸು, ಕೊತ್ತಂಬರಿ, ಹುರಿಯುವ ತುಪ್ಪ ಎಲ್ಲ ಸೇರಿ 82. ಪೌಚು, ಲೇಬಲ್ಲಿಗೆ 14. ಕೊರಿಯರ್ 38. ಆನ್‌ಲೈನ್ ಕಮಿಷನ್ ಶೇ. 15, ಅಂದರೆ 30. ಕೈಗೆ ಸಿಗುವುದು 36. ಎರಡು ಸಾವಿರ ಪ್ಯಾಕೆಟ್‌ಗೆ 72,000.

ಇನ್ನು ಒಂದು ಪ್ಯಾಕೆಟ್ ಮಾರದಿದ್ದರೂ ತಪ್ಪದ ಖರ್ಚು ಇದೆ ಅಲ್ವಾ? ಶೆಡ್ ಬಾಡಿಗೆ 18,000, ಇಬ್ಬರ ಸಂಬಳ 30,000, ಕರೆಂಟು 5,000, ಜಾಹೀರಾತು 22,000. ಮೂರು ಲಕ್ಷದ ಮಿಲ್ಲು ಐದು ವರ್ಷ ಬಾಳುತ್ತದೆ ಅಂತ ಹಿಡಿದರೆ ತಿಂಗಳಿಗೆ 5,000 ಅದರ ಸವಕಳಿ. ಒಟ್ಟು 80,000. ಏಪ್ರಿಲ್‌ನಲ್ಲಿ ನಿಮಗೆ 8,000 ನಷ್ಟ. ಇದರಲ್ಲಿ ನಿಮ್ಮ ಸಂಬಳ ಒಂದು ರೂಪಾಯಿಯೂ ಇಲ್ಲ, ದಿನವೂ ಬಂದು ಹುರಿಯುವ ಅಮ್ಮನದ್ದೂ ಇಲ್ಲ. ಅದು ನನಗೆ ಬೇಸರದ ವಿಷಯ.

ಬ್ಯಾಂಕಿನಲ್ಲಿ ಹಣ ಇದೆಯಲ್ಲ ಅಂತ ನೀವು ಕೇಳಬಹುದು. ಅದು ಮಾರ್ಚಿನಲ್ಲಿ ಬಂದ ಸಾಲದ ಹಣ. ಸಾಲ ಆದಾಯ ಅಲ್ಲ.

ಆಟಿ ತಿಂಗಳಿಗೆ ಶೇ. 20 ಆಫರ್ ಕೊಟ್ಟು ವ್ಯಾಪಾರ ಡಬಲ್ ಮಾಡುವ ಯೋಚನೆ ದಯವಿಟ್ಟು ಬಿಡಿ. ಬೆಲೆ 160 ಆದರೆ ಕಮಿಷನ್ 24ಕ್ಕೆ ಇಳಿಯುತ್ತದೆ, ನಿಜ. ಆದರೂ ಪ್ಯಾಕೆಟ್‌ಗೆ ಉಳಿಯುವುದು ಎರಡೇ ರೂಪಾಯಿ. 80,000 ತುಂಬಿಸಲು 40,000 ಪ್ಯಾಕೆಟ್ ಮಾರಬೇಕು! ಈಗಿನ ಬೆಲೆಯಲ್ಲಾದರೆ 2,223 ಸಾಕು, ನೀವು ಹತ್ತಿರದಲ್ಲೇ ಇದ್ದೀರಿ.

ಅದಕ್ಕಿಂತ ಒಳ್ಳೆಯ ದಾರಿ ನಿಮ್ಮ ಕೊರಿಯರ್ ಬಿಲ್ಲಿನಲ್ಲೇ ಇದೆ. ಅರ್ಧ ಕಿಲೋವರೆಗೆ ಅದೇ 38 ರೂಪಾಯಿ. ನಿಮ್ಮದು 200 ಗ್ರಾಂ ಪ್ಯಾಕೆಟ್. ಜೋಡಿಯಾಗಿ ಕಳಿಸಿದರೆ ಒಂದಕ್ಕೆ 19 ಉಳಿದು, ಕೈಗೆ 55 ಸಿಗುತ್ತದೆ. ಆಗ 1,455 ಪ್ಯಾಕೆಟ್‌ಗೇ ಆ ಖರ್ಚು ತುಂಬುತ್ತದೆ.

ಶನಿವಾರ ಬರುವಾಗ ವಾಪಸ್ ಬಂದ ಪಾರ್ಸೆಲ್‌ಗಳ ಪಟ್ಟಿ ತನ್ನಿ. ಅದನ್ನು ನಾನಿನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಅಮ್ಮನನ್ನೂ ಕರೆದುಕೊಂಡು ಬನ್ನಿ.

ಇತಿ,
ದಿನೇಶ