ವಿಷಯ: ವಾಣಿವಿಲಾಸ ಸಾಗರದ ಲೇಖನ – ಮೊದಲ ಕರಡು ಓದಿದೆ

ಮಂಜುನಾಥ್ ಅವರೇ,

ನಮಸ್ಕಾರ. ನಿನ್ನೆ ರಾತ್ರಿ ಒಮ್ಮೆ, ಇವತ್ತು ಬೆಳಿಗ್ಗೆ ಆಫೀಸಿಗೆ ಬಂದ ಮೇಲೆ ಇನ್ನೊಮ್ಮೆ ಓದಿದೆ. ಹಿರಿಯೂರಿನ ಹಳ್ಳಿಗಳಲ್ಲಿ ನೀವು ನಾಲ್ಕು ದಿನ ಓಡಾಡಿದ್ದು ಬರಹದಲ್ಲಿ ಕಾಣುತ್ತದೆ. ಲೇಖನ ಭಾನುವಾರದ ಪುರವಣಿಗೆ ಖಂಡಿತ ಬೇಕು. ಆದರೆ ಈಗಿರುವ ರೂಪದಲ್ಲಿ ಅಲ್ಲ.

ನೀವು ಶುರು ಮಾಡಿರುವುದು ಕೋಡಿ ಬಿದ್ದ ದೃಶ್ಯದಿಂದ. ಜನಜಂಗುಳಿ, ಬಾಗಿನ, ಸೆಲ್ಫಿ, ಕಣಿವೆ ಮಾರಮ್ಮನ ಗುಡಿಯ ಮುಂದಿನ ಸಾಲು. ಚೆನ್ನಾಗಿ ಬರೆದಿದ್ದೀರಿ. ಆದರೆ 2022ರಲ್ಲಿ ಎಲ್ಲ ಪತ್ರಿಕೆಗಳೂ ಇದನ್ನೇ ಬರೆದವು, ನಾವೂ ಬರೆದೆವು. ಓದುಗರಿಗೆ ಇದು ಗೊತ್ತಿರುವ ಚಿತ್ರ.

ನಿಮ್ಮ ನಿಜವಾದ ಕಥೆ ಹದಿನೇಳನೇ ಪ್ಯಾರಾದಲ್ಲಿ ಅಡಗಿ ಕೂತಿದೆ. ನಾಲೆಯ ಕೊನೆಯ ಭಾಗದ ಆ ಅಜ್ಜಿ. ಟ್ಯಾಂಕರ್ ನೀರು ಹಾಕಿಯೂ ಸುಳಿ ಒಣಗಿದ ತೆಂಗಿನ ಮರಗಳನ್ನು ಕಡಿಸಿ, ಇಟ್ಟಿಗೆ ಗೂಡಿಗೆ ಮಾರಿದವರು. ಈಗ ಡ್ಯಾಂ ತುಂಬಿದೆ, ತೋಟ ಇಲ್ಲ. ಹೊಸ ಸಸಿ ನೆಟ್ಟರೆ ಕಾಯಿ ಬಿಡಲು ಐದಾರು ವರ್ಷ ಬೇಕು. "ನಾನು ಅದನ್ನ ನೋಡ್ತೀನಾ?" ಅಂತ ಅವರು ಕೇಳಿದ್ದನ್ನು ನೀವು ಒಂದೇ ಸಾಲಲ್ಲಿ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಅಲ್ಲಿ ನಿಲ್ಲಬೇಕಿತ್ತು ಅಲ್ವಾ? ನನಗಂತೂ ಆಮೇಲಿನ ಎರಡು ಪುಟ ಓದುವಾಗಲೂ ಅವರದೇ ನೆನಪು.

ಹಾಗಾಗಿ ಅವರ ಹೊಲದಿಂದಲೇ ಶುರು ಮಾಡಿ. ಡ್ಯಾಂ ತುಂಬಿದ ಮೇಲೂ ಕೊನೆಯ ಹೊಲಕ್ಕೆ ನೀರು ಬಂತಾ? ಕಡಿದ ತೋಟ ಮತ್ತೆ ಎದ್ದಿತಾ? ಇಡೀ ಲೇಖನ ಈ ಎರಡು ಪ್ರಶ್ನೆಯ ಬೆನ್ನು ಹತ್ತಲಿ. ಕೋಡಿಯ ದೃಶ್ಯ ನಡುವೆ ಎಲ್ಲಾದರೂ ನಾಲ್ಕು ಸಾಲಲ್ಲಿ ಬರಲಿ, ಸಾಕು.

ಈಗ ಮಾಹಿತಿಯ ವಿಚಾರ. ಇಲ್ಲಿ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. "ಸ್ಥಳೀಯರು ಹೇಳುತ್ತಾರೆ" ಅಂತ ಆರು ಕಡೆ ಇದೆ. ಯಾರು ಆ ಸ್ಥಳೀಯರು? ಹೆಸರು, ಊರು, ಎಷ್ಟು ಎಕರೆ, ನಾಲೆಯ ಯಾವ ಭಾಗ, ಇಷ್ಟು ಬೇಕು. "ಸಾವಿರಾರು ಮರ ಒಣಗಿದವು" ಎಂಬುದಕ್ಕೆ ತಾಲ್ಲೂಕು ತೋಟಗಾರಿಕೆ ಕಚೇರಿಯ ಅಂಕಿ ತನ್ನಿ. ಸಿಗದಿದ್ದರೆ ಆ ಮಾತು ತೆಗೆದು, ನೀವು ಕಣ್ಣಾರೆ ಕಂಡ ಹೊಲಗಳ ಲೆಕ್ಕ ಕೊಡಿ. ಮಾಹಿತಿ ಹಕ್ಕಿನ ಅರ್ಜಿಗೆ ಮೂವತ್ತು ದಿನದ ಗಡುವು ಇರುತ್ತದೆ, ನಮಗೆ ಅಷ್ಟು ಸಮಯ ಇಲ್ಲ. ನೇರವಾಗಿ ಹೋಗಿ ಕೇಳಿ. ಜಲಾಶಯದ ಮಟ್ಟದ ದಾಖಲೆ ನೀರಾವರಿ ಕಚೇರಿಯಲ್ಲಿ ಇದ್ದೇ ಇರುತ್ತದೆ. ನೀವು ಹಾಕಿರುವ ಅಂಕಿಗಳು ವಾಟ್ಸಾಪ್‌ನಲ್ಲಿ ಬಂದವು ಅಂತ ನೀವೇ ಫೋನಿನಲ್ಲಿ ಹೇಳಿದಿರಿ. ಅವನ್ನು ಹಾಕಲು ಆಗುವುದಿಲ್ಲ.

ಎಂಜಿನಿಯರ್ ಒಬ್ಬರೇ ನಿಮ್ಮ ಅಧಿಕೃತ ಮೂಲ. ನಾಲೆಗೆ ನೀರು ಬಿಡುವ ನೀರುಗಂಟಿಯನ್ನೂ ಮಾತಾಡಿಸಿ. ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಹೋಗುತ್ತದೆ ಅಂತ ಅವರಷ್ಟು ಚೆನ್ನಾಗಿ ಗೊತ್ತಿರುವವರು ಇಲ್ಲ. ನಾಲೆಯ ಮೊದಲ ಭಾಗದ ರೈತರೊಬ್ಬರೂ ಇರಲಿ. ಅವರೇ ನೀರೆಲ್ಲ ಹಿಡಿಯುತ್ತಾರೆ ಎಂಬ ದೂರು ಬರೆದಿದ್ದೀರಿ, ಅವರ ಮಾತು ಎಲ್ಲೂ ಇಲ್ಲ.

ಒಂದು ದೊಡ್ಡ ತಪ್ಪು: ಅಣೆಕಟ್ಟನ್ನು ವಿಶ್ವೇಶ್ವರಯ್ಯನವರು ಕಟ್ಟಿದರು ಅಂತ ಬರೆದಿದ್ದೀರಿ. ಕೆಲಸ ಶುರುವಾಗಿದ್ದು 1898ರಲ್ಲಿ, ಮುಗಿದಿದ್ದು 1907ರಲ್ಲಿ. ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಬಂದಿದ್ದೇ 1909ರಲ್ಲಿ. ಹೀಗೆ ಒಂದು ಸಾಲು ತಪ್ಪಿದರೆ ಉಳಿದಿದ್ದನ್ನೂ ಯಾರೂ ನಂಬುವುದಿಲ್ಲ. 1933ರ ಕೋಡಿಗೂ 2022ರ ಕೋಡಿಗೂ ನಡುವಿನ ಅಂತರ ಒಂದು ಕಡೆ 88, ಇನ್ನೊಂದು ಕಡೆ 90 ಅಂತಿದೆ. ಅದು 89. ಮಳೆಯಿಂದಲೇ ತುಂಬಿತು ಅಂತಲೂ ಬರೆಯಬೇಡಿ. ಮಳೆ ಜೋರಾಗಿತ್ತು ನಿಜ, ಆದರೆ ಅಜ್ಜಂಪುರದ ಸುರಂಗದಿಂದ ವೇದಾವತಿಗೆ ಭದ್ರೆಯ ನೀರೂ ಬಂದಿದೆ. ಅದರ ಪಾಲೆಷ್ಟು ಅಂತ ಎಂಜಿನಿಯರ್ ಹತ್ತಿರ ಕೇಳಿ.

ಕರಡು 2,350 ಪದ ಇದೆ. ನನಗೆ 1,200 ಬೇಕು. ಮಹಾರಾಜರ ಕಾಲದ ಇತಿಹಾಸ ಆರು ಪ್ಯಾರಾ ಇದೆ, ಒಂದಕ್ಕೆ ಇಳಿಸಿ. ಪ್ರವಾಸಿ ತಾಣದ ಭಾಗ ಪೂರ್ತಿ ಬಿಡಿ. ಅಜ್ಜಿಯ ಭಾಗ ಮಾತ್ರ ಜಾಸ್ತಿ ಮಾಡಿ. ಪದ ಕಡಿಮೆಯಾಯಿತು ಅಂತ ಸಂಭಾವನೆ ಕಡಿಮೆ ಆಗುವುದಿಲ್ಲ, ಮಾತಾಡಿದಷ್ಟೇ ಕೊಡುತ್ತೇವೆ. ಇನ್ನೊಮ್ಮೆ ಹಿರಿಯೂರಿಗೆ ಹೋಗುವ ಖರ್ಚೂ ನಮ್ಮದೇ, ಬಸ್ ಟಿಕೆಟ್ ಇಟ್ಟುಕೊಳ್ಳಿ.

ಅಜ್ಜಿಯ ಹೆಸರು, ಫೋಟೊ ಹಾಕಲು ಅವರ ಒಪ್ಪಿಗೆ ಕೇಳಿದ್ದೀರಾ? ಸಾಲದ ವಿಷಯವೂ ಬಂದಿದೆ. ಅವರಿಗೆ ಆ ಭಾಗ ಓದಿ ಹೇಳಿ, ಬೇಡ ಅಂದರೆ ತೆಗೆಯೋಣ.

ಮುಂದಿನ ಬುಧವಾರ ಸಂಜೆಯೊಳಗೆ ಎರಡನೇ ಕರಡು ಕಳಿಸಿ. ನಾಳೆ ಹನ್ನೊಂದರ ಮೇಲೆ ಡೆಸ್ಕ್‌ನಲ್ಲೇ ಇರುತ್ತೇನೆ, ಏನಾದರೂ ಒಪ್ಪಿಗೆ ಆಗದಿದ್ದರೆ ಫೋನ್ ಮಾಡಿ.

ಶೈಲಜಾ
ಪುರವಣಿ ವಿಭಾಗ, ದಾವಣಗೆರೆ